ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತು ಏಕೆ ಮುಳುಗುತ್ತದೆ?

ನಿರೂಪಣೆ ಇರುವ ವಿಡಿಯೊ ಮಾಡುವವರೆಲ್ಲರಿಗೂ ಪರಿಚಿತವಾದ ದೂರು ಒಂದಿದೆ: "ಹಿನ್ನೆಲೆ ಸಂಗೀತ ಜಾಸ್ತಿಯಾಯಿತು, ಮಾತು ಕೇಳಿಸಲಿಲ್ಲ." ದೂರು ಬಂದ ಮೇಲೆ ಸಂಕಲನಕಾರ ಹೆಡ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳುತ್ತಾನೆ. ಮಾತು ನಿಚ್ಚಳವಾಗಿಯೇ ಇರುತ್ತದೆ. ಆದರೂ ಇರಲಿ ಎಂದು ಸಂಗೀತವನ್ನು ಮೂರು ಡೆಸಿಬೆಲ್ ಇಳಿಸುತ್ತಾನೆ. ಈಗ ಹೆಡ್‌ಫೋನಿನಲ್ಲಿ ಸಂಗೀತ ಸೊರಗುತ್ತದೆ, ಫೋನಿನಲ್ಲಿ ನೋಡಿದವರ ದೂರು ಮಾತ್ರ ಹಾಗೆಯೇ ಉಳಿಯುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಫೋನು ಎಲ್ಲ ಸದ್ದನ್ನೂ ಒಂದೇ ಪ್ರಮಾಣದಲ್ಲಿ ಚಿಕ್ಕದು ಮಾಡುವುದಿಲ್ಲ. ಕೆಲವನ್ನು ನುಂಗಿ ಕೆಲವನ್ನು ಹಾಗೆಯೇ ಬಿಡುತ್ತದೆ. ಹೀಗಾಗಿ ಮಾತಿಗೂ ಹಿನ್ನೆಲೆಗೂ ನಾವು ಕೂರಿಸಿದ್ದ ಅಂತರ ಅದರೊಳಗೆ ಹೋಗಿ ಬರುವಷ್ಟರಲ್ಲಿ ಬದಲಾಗಿರುತ್ತದೆ. ಆ ಬದಲಾವಣೆಯನ್ನು ಅಳೆಯದೆ ಫೇಡರ್ ಎಳೆಯುವುದು ಕತ್ತಲಲ್ಲಿ ಬಾಣ ಬಿಟ್ಟಂತೆ.

ಫೋನಿನ ಸ್ಪೀಕರಿನ ಒಳಗಿರುವ ಪೊರೆ ತೀರ ಚಿಕ್ಕದು. ತಗ್ಗು ಸ್ವರ ಹೊರಡಿಸಬೇಕಾದರೆ ಬಹಳಷ್ಟು ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಅಷ್ಟು ಜಾಗವೂ ಇಲ್ಲ, ಶಕ್ತಿಯೂ ಇಲ್ಲ. ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ 500 ಹರ್ಟ್ಸ್‌ನಿಂದ ಕೆಳಗೆ ಇಳಿದಂತೆ ಸದ್ದು ಬೇಗ ಕುಸಿಯುತ್ತದೆ. 200 ಹರ್ಟ್ಸ್‌ಗಿಂತ ಕೆಳಗೆ ಉಳಿಯುವುದು ನಾಮಕಾವಾಸ್ತೆ. ಗಂಡಸಿನ ದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್ ಒಳಗೆ, ಹೆಂಗಸಿನದು ಸುಮಾರು 165ರಿಂದ 255 ಹರ್ಟ್ಸ್ ಒಳಗೆ ಇರುತ್ತದೆ. ಅಂದರೆ ದನಿಗೆ ತುಂಬುಗಂಭೀರತೆ ಕೊಡುವ ಭಾಗ ಫೋನಿನಿಂದ ಹೊರಗೆ ಬರುವುದೇ ಇಲ್ಲ.

ಹಾಗಿದ್ದೂ ದನಿ ಗಂಡಸಿನದೇ ಹೆಂಗಸಿನದೇ ಎಂದು ನಮಗೆ ತಿಳಿಯುತ್ತದೆ. ಮೂಲ ಕಂಪನ ಕಾಣೆಯಾದರೂ ಅದರ ಮೇಲಿನ ಗುಣಿತಗಳನ್ನು ನೋಡಿ ಮಿದುಳು ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ಹಳೆಯ ದೂರವಾಣಿ ತಂತಿಗಳು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ; ಅಷ್ಟರಲ್ಲೇ ತಲೆಮಾರುಗಳು ಮಾತಾಡಿಕೊಂಡವು. ಆದ್ದರಿಂದ ತಗ್ಗು ಸದ್ದು ಹೋದದ್ದರಿಂದಲೇ ಮಾತು ಕೆಡುವುದಿಲ್ಲ. ಅದು ಹೋದ ಮೇಲೆ ಉಳಿಯುವ ಕಿರಿದಾದ ಜಾಗದಲ್ಲಿ ಮಾತಿನ ಪಕ್ಕಕ್ಕೆ ಇನ್ನು ಯಾರು ಯಾರು ಬಂದು ಕುಳಿತಿದ್ದಾರೆ ಎನ್ನುವುದೇ ಮುಖ್ಯ.

ಆ ಜಾಗದಲ್ಲಿ ಮಾತಿನ ಯಾವ ಭಾಗ ಇರುತ್ತದೆ ಎಂದು ನೋಡೋಣ. ಅ, ಇ, ಉ ಮುಂತಾದ ಸ್ವರಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಗುರುತುಗಳು ಸರಿಸುಮಾರು 300ರಿಂದ 2500 ಹರ್ಟ್ಸ್ ನಡುವೆ ಬರುತ್ತವೆ. ತ, ಟ, ಕ, ಸ, ಶ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ. 'ಸ'ಕಾರದ ಸೀಟಿ 4000ವನ್ನೂ ದಾಟುತ್ತದೆ. ಸ್ವರಗಳು ಜೋರು, ದೀರ್ಘ. ವ್ಯಂಜನಗಳು ಕ್ಷೀಣ, ಕ್ಷಣಿಕ. 'ತ' ಎನ್ನುವಾಗ ನಾಲಿಗೆ ಹಲ್ಲನ್ನು ಬಿಟ್ಟ ಆ ಸಣ್ಣ ಸಿಡಿತ ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಹೊತ್ತು ಇರುತ್ತದೆ, ಅಷ್ಟೆ. ಮಾತು ಜೋರಾಗಿ ಕೇಳುತ್ತಿದೆಯೇ ಎನ್ನುವುದನ್ನು ಸ್ವರಗಳು ನಿರ್ಧರಿಸಿದರೆ, ಅದು ಅರ್ಥವಾಗುತ್ತಿದೆಯೇ ಎನ್ನುವುದು ಬಹುಪಾಲು ಈ ಕ್ಷೀಣ ವ್ಯಂಜನಗಳ ಕೈಯಲ್ಲಿದೆ. "ಏನೋ ಹೇಳುತ್ತಿದ್ದಾರೆ, ಏನೆಂದು ತಿಳಿಯುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ಸ್ವರಗಳು ತಲುಪಿವೆ, ವ್ಯಂಜನಗಳು ದಾರಿಯಲ್ಲಿ ಉದುರಿವೆ ಎಂದು ತಿಳಿಯಬೇಕು.

ಇನ್ನೊಂದು ನಷ್ಟ ಕಿವಿಗಳ ನಡುವಿನದು. ಹೆಡ್‌ಫೋನಿನಲ್ಲಿ ಮಾತು ನಡುವೆ ನಿಂತು, ಸಂಗೀತ ಎಡಬಲಕ್ಕೆ ಹರಡಿಕೊಂಡಿರುತ್ತದೆ. ಬೇರೆ ಬೇರೆ ದಿಕ್ಕಿನಿಂದ ಬರುವ ಸದ್ದುಗಳನ್ನು ಬಿಡಿಸಿ ಕೇಳುವ ಸಾಮರ್ಥ್ಯ ಕಿವಿಗಿದೆ. ಅದರಿಂದ ಸಂಗೀತ ಸ್ವಲ್ಪ ಹೆಚ್ಚಿದ್ದರೂ ಮಾತಿಗೆ ಧಕ್ಕೆಯಾಗುವುದಿಲ್ಲ. ಫೋನಿನಲ್ಲಿ ಎಲ್ಲವೂ ಒಂದು ರಂಧ್ರದಿಂದ, ಹೆಚ್ಚೆಂದರೆ ಒಂದು ಗೇಣಿನ ಅಂತರದಲ್ಲಿರುವ ಎರಡು ರಂಧ್ರಗಳಿಂದ, ಒಂದೇ ದಿಕ್ಕಿನಲ್ಲಿ ಬರುತ್ತದೆ. ಬಿಡಿಸಿ ಕೇಳಲು ಕಿವಿಗೆ ಹಿಡಿತವೇ ಸಿಗುವುದಿಲ್ಲ.

ಇಷ್ಟು ತಿಳಿದ ಮೇಲೆ ಒಂದು ಉದಾಹರಣೆಯನ್ನು ಬಿಡಿಸಿ ನೋಡುವುದು ಒಳ್ಳೆಯದು. ಮೂರು ನಿಮಿಷದ ಒಂದು ವಿಡಿಯೊ ಎಂದುಕೊಳ್ಳಿ. ವಿಷಯ ಕಾಡಿನ ತೊರೆ. ಗಂಡಸಿನ ನಿರೂಪಣೆ, ತೊರೆಯ ಹರಿವಿನ ಸದ್ದು, ಜೊತೆಗೆ ಚೆಲ್ಲೊ ಮತ್ತು ಕೊಳಲು ಇರುವ ಸಂಗೀತ. ಚೆಲ್ಲೊ, ಕೊಳಲುಗಳ ಟ್ರ್ಯಾಕುಗಳು ಬೇರೆ ಬೇರೆಯಾಗಿ ಸಿಕ್ಕಿವೆ.

ಮೊದಲ ಕೆಲಸ ಅಳತೆ. ಸದ್ದಿನ ಮಟ್ಟವನ್ನು ಕಿವಿಗೆ ಅನ್ನಿಸುವ ರೀತಿಗೆ ಹತ್ತಿರವಾಗಿ ಅಳೆಯುವ ಮೀಟರುಗಳು ಈಗ ಬಹಳಷ್ಟು ಸಂಕಲನ ತಂತ್ರಾಂಶಗಳಲ್ಲಿ ಇವೆ; ಪರದೆಯ ಮೇಲೆ ಅವುಗಳ ಏಕಮಾನ LUFS ಎಂದು ಕಾಣುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಮೊದಲು ಪ್ರಕಟಿಸಿದ ಒಂದು ಶಿಫಾರಸು ಈ ಮೀಟರುಗಳಿಗೆ ಆಧಾರ. ಇದರಲ್ಲಿ ಒಂದು ಅಂಕ ಒಂದು ಡೆಸಿಬೆಲ್‌ಗೆ ಸಮ. ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು. ಆದರೆ ಈ ಮೀಟರ್ ಕೇಳುವುದು ಕಡತದಲ್ಲಿರುವುದನ್ನು, ಫೋನಿನಿಂದ ಹೊರಬರುವುದನ್ನಲ್ಲ. 100 ಹರ್ಟ್ಸ್‌ನ ಚೆಲ್ಲೊ ಸ್ವರವನ್ನು ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಫೋನಿನಲ್ಲಿ ನೋಡುವವರ ಪಾಲಿಗೆ ಆ ಸ್ವರ ಇಲ್ಲವೇ ಇಲ್ಲ. ಮೀಟರನ್ನೇ ನಂಬಿ ಮಿಕ್ಸ್ ಮಾಡುವವರು ಎಡವುವುದು ಇಲ್ಲಿ.

ಪರಿಹಾರ ಸುಲಭ. ಪ್ರತಿ ಟ್ರ್ಯಾಕನ್ನೂ, ಮಿಕ್ಸಿನಲ್ಲಿ ಅದಕ್ಕೆ ಕೊಟ್ಟಿರುವ ಮಟ್ಟದಲ್ಲೇ, ಬೇರೆ ಬೇರೆ ಸ್ಟೀರಿಯೊ ಕಡತಗಳಾಗಿ ರಫ್ತು ಮಾಡಿ. ಪ್ರತಿಯೊಂದನ್ನೂ ಎರಡು ಸಲ ಅಳೆಯಿರಿ: ಒಮ್ಮೆ ಹಾಗೆಯೇ, ಇನ್ನೊಮ್ಮೆ ಫೋನನ್ನು ಅನುಕರಿಸುವ ಸೋಸುಕದ ಮೂಲಕ. ಎರಡನೆಯ ಅಳತೆಗೆ, ಆದೇಶ ಬರೆದು ನಡೆಸುವ ffmpeg ಎಂಬ ತಂತ್ರಾಂಶ ಇದ್ದರೆ, ಈ ಆದೇಶ ಸಾಕು:

```
ffmpeg -i voice.wav -af "pan=mono|c0=0.5*c0+0.5*c1,highpass=f=500,highpass=f=500,lowpass=f=8000,ebur128" -f null -
```

ಇದು ಎಡಬಲ ಎರಡನ್ನೂ ಕೂಡಿಸಿ ಮೋನೊ ಮಾಡುತ್ತದೆ, 500 ಹರ್ಟ್ಸ್‌ಗಿಂತ ಕೆಳಗಿನದನ್ನೂ 8000ಕ್ಕಿಂತ ಮೇಲಿನದನ್ನೂ ಇಳಿಸುತ್ತದೆ, ಉಳಿದದ್ದನ್ನು ಅಳೆದು ಕೊನೆಯಲ್ಲಿ `I:` ಎಂಬ ಸಾಲಿನಲ್ಲಿ ಸಂಖ್ಯೆಯನ್ನು ತೋರಿಸುತ್ತದೆ. ಮೊದಲ ಅಳತೆಗೆ ಸೋಸುಕಗಳನ್ನು ತೆಗೆದು ಮೋನೊ ಭಾಗವನ್ನೂ ಮೀಟರನ್ನೂ ಮಾತ್ರ ಉಳಿಸಿಕೊಂಡರೆ ಆಯಿತು. ಸಂಕಲನ ತಂತ್ರಾಂಶದಲ್ಲೇ ಮಾಡುವುದಾದರೆ ಮಾಸ್ಟರ್ ಟ್ರ್ಯಾಕಿನ ಮೇಲೆ ಈಕ್ವಲೈಜರ್ ಹಾಕಿ ಇದೇ ಗಡಿಗಳನ್ನು ಕೊಡಬಹುದು. ಅಳತೆ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯಬಾರದು. ಈ ಸೋಸುಕ ಯಾವುದೇ ಒಂದು ಫೋನಿನ ಪಡಿಯಚ್ಚಲ್ಲ. ಆದರೆ ಯಾವ ಟ್ರ್ಯಾಕು ಎಷ್ಟು ಕಳೆದುಕೊಳ್ಳುತ್ತದೆ ಎಂಬ ಅಂದಾಜಿಗೆ ಬೇಕಾದಷ್ಟಾಯಿತು.

ನಮ್ಮ ತೊರೆಯ ವಿಡಿಯೊದಲ್ಲಿ ಅಳತೆಗಳು ಹೀಗೆ ಬಂದವು ಎಂದಿಟ್ಟುಕೊಳ್ಳಿ. ನಿರೂಪಣೆ ಪೂರ್ತಿ ಕಡತದಲ್ಲಿ −18, ಸೋಸಿದ ಮೇಲೆ −24. ಚೆಲ್ಲೊ −34ರಿಂದ −46ಕ್ಕೆ ಬಿತ್ತು. ಕೊಳಲು −34ರಲ್ಲಿದ್ದದ್ದು −35 ಆಯಿತು. ತೊರೆ −36ರಿಂದ −37. ಈ ನಾಲ್ಕು ಜೋಡಿಗಳಲ್ಲೇ ಇಡೀ ಕತೆ ಇದೆ. ಚೆಲ್ಲೊ 12 ಡೆಸಿಬೆಲ್ ಕಳೆದುಕೊಂಡು ಆಟದಿಂದಲೇ ಹೊರಗುಳಿಯಿತು. ನಿರೂಪಣೆ ತನ್ನ ಗಂಭೀರ ಭಾಗವನ್ನು ಬಿಟ್ಟುಕೊಟ್ಟು 6 ಡೆಸಿಬೆಲ್ ಇಳಿಯಿತು. ಕೊಳಲಿಗೂ ತೊರೆಗೂ ಒಂದೊಂದೇ ಡೆಸಿಬೆಲ್ ನಷ್ಟ, ಏಕೆಂದರೆ ಅವೆರಡೂ ಇರುವುದೇ ಫೋನು ಚೆನ್ನಾಗಿ ನುಡಿಸುವ ಜಾಗದಲ್ಲಿ. ಹಿನ್ನೆಲೆಯನ್ನೆಲ್ಲ ಕೂಡಿಸಿದರೆ ಪೂರ್ತಿ ಕಡತದಲ್ಲಿ ಸುಮಾರು −30, ಸೋಸಿದ ಮೇಲೆ ಸುಮಾರು −33. ಹೆಡ್‌ಫೋನಿನಲ್ಲಿ ಮಾತು ಹಿನ್ನೆಲೆಗಿಂತ 12 ಡೆಸಿಬೆಲ್ ಮೇಲಿತ್ತು. ಫೋನಿನಲ್ಲಿ 9 ಮಾತ್ರ.

ಇಲ್ಲಿ ಚೆಲ್ಲೊವನ್ನು ಎಷ್ಟು ಇಳಿಸಿದರೂ ಫೋನಿನಲ್ಲಿ ಮಾತಿಗೆ ಏನೂ ಲಾಭವಿಲ್ಲ ಎಂಬುದನ್ನು ಗಮನಿಸಬೇಕು. ಇಡೀ ಸಂಗೀತವನ್ನು ಇಳಿಸಿದ ನಮ್ಮ ಸಂಕಲನಕಾರ ಮಾಡಿದ್ದು ಅದನ್ನೇ: ತಪ್ಪು ಮಾಡದ ಚೆಲ್ಲೊಗೂ ಶಿಕ್ಷೆ ಕೊಟ್ಟು, ತೊರೆಯನ್ನು ಮುಟ್ಟದೆ ಬಿಟ್ಟ.

ಅಂತರ ಎಷ್ಟಿರಬೇಕು? ಮಾತೇ ಪ್ರಧಾನವಾದ ಧ್ವನಿಮುದ್ರಣಗಳಿಗೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ 2008ರ ಸುಲಭಲಭ್ಯತೆಯ ಮಾರ್ಗಸೂಚಿ ತನ್ನ ಅತ್ಯುನ್ನತ ಹಂತದಲ್ಲಿ 20 ಡೆಸಿಬೆಲ್ ಕೇಳುತ್ತದೆ. ಒಂದೆರಡು ಸೆಕೆಂಡಿನ ಬಿಡಿ ಸದ್ದುಗಳಿಗೆ ಮಾತ್ರ ರಿಯಾಯಿತಿ. ಕಿವಿ ಮಂದವಾದವರನ್ನು ಮುಖ್ಯವಾಗಿ ಎದುರಿಗಿಟ್ಟುಕೊಂಡು ಮಾಡುವ ಕೆಲಸವಾದರೆ ಅದನ್ನೇ ಪಾಲಿಸಬೇಕು. ಕತೆ ಹೇಳುವ ವಿಡಿಯೊಗಳಲ್ಲಿ, ನಿರೂಪಣೆ ನಡೆಯುತ್ತಿರುವಾಗ, ಸೋಸಿದ ಅಳತೆಯಲ್ಲಿ 15 ಡೆಸಿಬೆಲ್ ಅಂತರವನ್ನು ನಾನು ಕನಿಷ್ಠ ಎಂದು ಹಿಡಿಯುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಮೌನವಾದ ಕೋಣೆಯಲ್ಲಿ ಮಾತ್ರ ಮಾತು ಉಳಿಯುತ್ತದೆ, ಮತ್ತು ಫೋನು ನೋಡುವವರು ಮೌನವಾದ ಕೋಣೆಯಲ್ಲಿ ಇರುವುದು ಅಪರೂಪ.

ಈಗ ಕೆಲಸಕ್ಕೆ ಇಳಿಯೋಣ. ನಿರೂಪಣೆಯನ್ನು ಮೊದಲು ಒಂಟಿಯಾಗಿ ಸರಿಪಡಿಸಬೇಕು, ಉಳಿದೆಲ್ಲ ಟ್ರ್ಯಾಕುಗಳನ್ನೂ ಬಂದ್ ಮಾಡಿ. 80 ಹರ್ಟ್ಸ್‌ಗಿಂತ ಕೆಳಗಿರುವುದು ಮೇಜಿನ ಅದಿರಾಟ, ಮೈಕಿಗೆ ಬಡಿದ ಉಸಿರು, ಅದನ್ನು ಕತ್ತರಿಸಬಹುದು. 250ರಿಂದ 400 ಹರ್ಟ್ಸ್ ಸುತ್ತ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತಿದ್ದರೆ ಎರಡು ಮೂರು ಡೆಸಿಬೆಲ್ ಇಳಿಸಿ. 3000 ಹರ್ಟ್ಸ್ ಸುತ್ತ ಅಗಲವಾಗಿ ಎರಡು ಡೆಸಿಬೆಲ್ ಏರಿಸಿದರೆ ವ್ಯಂಜನಗಳಿಗೆ ಮೊನೆ ಬರುತ್ತದೆ. ಕಿವಿ ಅತ್ಯಂತ ಚುರುಕಾಗಿರುವ ಪ್ರದೇಶವೂ ಅದೇ. ಆದ್ದರಿಂದ ಎರಡು ಇದ್ದದ್ದು ಆರು ಆದರೆ ಫೋನಿನಲ್ಲಿ ದನಿ ತಗಡಿನಂತೆ ಚುಚ್ಚುತ್ತದೆ. ಆಮೇಲೆ ಕಂಪ್ರೆಸರ್: 3:1 ಅನುಪಾತದಲ್ಲಿ, ಜೋರಾದ ಪದಗಳಲ್ಲಿ ನಾಲ್ಕೈದು ಡೆಸಿಬೆಲ್ ಇಳಿಯುವಂತೆ ಇಟ್ಟರೆ ಸಾಕು. ಜೋರಾದದ್ದು ತಗ್ಗಿದಾಗ ಇಡೀ ದನಿಯನ್ನು ಮೇಲಕ್ಕೆತ್ತಲು ಅವಕಾಶ ಸಿಗುತ್ತದೆ, ಕ್ಷೀಣ ಅಕ್ಷರಗಳೂ ಜೊತೆಗೆ ಏಳುತ್ತವೆ. ಇದನ್ನೆಲ್ಲ ಮಾಡಿದ ಮೇಲೆ ನಿರೂಪಣೆಯನ್ನು ಮತ್ತೆ −18ಕ್ಕೆ ತಂದು ಸೋಸಿ ಅಳೆದರೆ, −24 ಇದ್ದದ್ದು −23 ಆಗಿರುತ್ತದೆ ಎಂದುಕೊಳ್ಳೋಣ. ಒಂದು ಡೆಸಿಬೆಲ್ ಗೆದ್ದಂತಾಯಿತು. ದನಿಯಿಂದ ಇದಕ್ಕಿಂತ ಹೆಚ್ಚು ಹಿಂಡಲು ಹೋಗಬಾರದು. 9ರಿಂದ 15ಕ್ಕೆ ಏರಲು ಬೇಕಾದ ಆರರಲ್ಲಿ ಉಳಿದ ಐದನ್ನು ಹಿನ್ನೆಲೆಯೇ ಬಿಟ್ಟುಕೊಡಬೇಕು.

ತೊರೆಯ ಸದ್ದು ನೋಡಲು ಸಾಧು, ಮಾತಿಗೆ ಮಹಾಶತ್ರು. ಮಳೆ, ಗಾಳಿ, ಜಲಪಾತ, ರಸ್ತೆಯ ಸಂಚಾರ ಇವೆಲ್ಲದರ ಶಕ್ತಿ ತಗ್ಗಿನಿಂದ ತಾರದವರೆಗೆ ಬಿಡುವಿಲ್ಲದೆ ಹರಡಿರುತ್ತದೆ. ಸಂಗೀತದಲ್ಲಿ ಸ್ವರಕ್ಕೂ ಸ್ವರಕ್ಕೂ ನಡುವೆ ಸಂದು ಇರುತ್ತದೆ, ಮಾತು ಅಲ್ಲಿ ನುಸುಳುತ್ತದೆ. ತೊರೆಯಲ್ಲಿ ಸಂದೇ ಇಲ್ಲ. ಅದರ 'ಶ್' ಎನ್ನುವ ಹರಿವು ನಮ್ಮ 'ಸ', 'ಶ'ಗಳು ಇರುವ ಜಾಗವನ್ನೇ ಹಾಸಿಕೊಂಡು ಮಲಗಿರುತ್ತದೆ. ಹೀಗಾಗಿ ಮೀಟರಿನಲ್ಲಿ ಕೊಳಲಿಗಿಂತ ಎರಡು ಅಂಕ ಕೆಳಗಿದ್ದರೂ ಅದು ಮಾಡುವ ಹಾನಿ ಹೆಚ್ಚಿರಬಹುದು.

ಅದೃಷ್ಟವಶಾತ್ ಇಂಥ ಒಂದೇ ಸಮನಾದ ಸದ್ದಿಗೆ ಕಿವಿ ಬೇಗ ಒಗ್ಗಿಕೊಳ್ಳುತ್ತದೆ. ವಿಡಿಯೊ ಆರಂಭವಾದ ಕೂಡಲೇ ಮಾತಿಗಿಂತ ಮೊದಲು ಎರಡು ಮೂರು ಸೆಕೆಂಡು ತೊರೆಯೊಂದನ್ನೇ ಪೂರ್ತಿ ಮಟ್ಟದಲ್ಲಿ ಕೇಳಿಸಿ. ನೋಡುವವರ ಮನಸ್ಸಿನಲ್ಲಿ ಜಾಗ ನೆಲೆಗೊಳ್ಳುತ್ತದೆ. ಆಮೇಲೆ ಎರಡು ಸೆಕೆಂಡಿನ ಉದ್ದಕ್ಕೆ ನಿಧಾನವಾಗಿ 6 ಡೆಸಿಬೆಲ್ ಇಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ನೀರು ಕಾಣುತ್ತಿರುವಷ್ಟು ಹೊತ್ತು ಕಿವಿಗೂ ನೀರು ಕೇಳುತ್ತಿದೆ ಎಂದೇ ಅನ್ನಿಸುತ್ತದೆ. ಈ 6 ಡೆಸಿಬೆಲ್‌ನಲ್ಲಿ ಅರ್ಧವನ್ನು ಒಟ್ಟಾರೆ ಮಟ್ಟದಿಂದಲೂ, ಇನ್ನರ್ಧವನ್ನು 2000ರಿಂದ 5000 ಹರ್ಟ್ಸ್ ನಡುವೆ ಮಾಡುವ ಅಗಲವಾದ ತಗ್ಗಿನಿಂದಲೂ ಪಡೆಯುವುದು ನನಗೆ ಇಷ್ಟ. ಆಗ ನೀರಿನ ಮೈ ಉಳಿಯುತ್ತದೆ, ಹಲ್ಲು ಮೊಂಡಾಗುತ್ತದೆ. ನಡುವೆ ಹಕ್ಕಿಯ ಕೂಗು ಇದ್ದರೆ ಅದನ್ನು ಎತ್ತಿ ವಾಕ್ಯಗಳ ನಡುವಿನ ಬಿಡುವಿಗೆ ಸರಿಸಿ; ಪದದ ಮೇಲೆ ಬಿದ್ದ ಒಂದು ಕೂಗು ಆ ಪದವನ್ನು ಪೂರ್ತಿ ಅಳಿಸಬಲ್ಲದು.

ಕೊಳಲಿನ ಸಮಸ್ಯೆ ಬೇರೆ ಬಗೆಯದು. ಅದರ ಸ್ವರಗಳು ಮಾತಿನ ಸ್ವರಾಕ್ಷರಗಳ ಗುರುತು ಇರುವ ಜಾಗದಲ್ಲೇ ಸುಳಿಯುತ್ತವೆ. ಮೇಲಾಗಿ ಅದು ರಾಗ ನುಡಿಸುತ್ತದೆ, ರಾಗ ಗಮನವನ್ನು ಎಳೆಯುತ್ತದೆ. ಇದಕ್ಕೆ ಅತ್ಯುತ್ತಮ ಉಪಾಯ ಈಕ್ವಲೈಜರ್ ಅಲ್ಲ, ಕತ್ತರಿ: ಕೊಳಲಿನ ರಾಗ ನಿರೂಪಣೆಯ ಬಿಡುವುಗಳಲ್ಲಿ ಬರುವಂತೆ ಸಂಗೀತವನ್ನು ಹಿಂದೆ ಮುಂದೆ ಸರಿಸುವುದು. ಅದು ಸಾಧ್ಯವಾಗದ ಕಡೆ, ಮಾತು ಇರುವಷ್ಟು ಹೊತ್ತು 8 ಡೆಸಿಬೆಲ್ ಇಳಿಸಬೇಕು.

ಈಗ ಲೆಕ್ಕ ಹಾಕಿ. ಸೋಸಿದ ಅಳತೆಯಲ್ಲಿ ಕೊಳಲು −43, ತೊರೆ −43, ಮುಟ್ಟದೆ ಬಿಟ್ಟ ಚೆಲ್ಲೊ −46. ಮೂರನ್ನೂ ಕೂಡಿಸಿದರೆ −39. ನಿರೂಪಣೆ −23. ಅಂತರ 9ರಿಂದ 16ಕ್ಕೆ ಏರಿತು. ಹೆಡ್‌ಫೋನಿನಲ್ಲಿ ಕೇಳುವವರಿಗೆ ಚೆಲ್ಲೊ ಮೊದಲಿನ ಮಟ್ಟದಲ್ಲೇ ಇರುವುದರಿಂದ ಹಿನ್ನೆಲೆ ಸುಮಾರು 3 ಡೆಸಿಬೆಲ್ ಮಾತ್ರ ಇಳಿದಿದೆ. ಸಂಗೀತ ಸತ್ತಂತೆ ಅನ್ನಿಸುವುದಿಲ್ಲ. ವಾದ್ಯಗಳು ಬಿಡಿಬಿಡಿಯಾಗಿ ಸಿಗದೆ ಸಂಗೀತ ಒಂದೇ ಕಡತವಾಗಿ ಬಂದಿದ್ದರೆ, ಈಕ್ವಲೈಜರಿನಿಂದ 500 ಹರ್ಟ್ಸ್‌ಗಿಂತ ಮೇಲಿನ ಭಾಗವನ್ನು ಮಾತ್ರ ಮಾತಿನ ವೇಳೆ ಇಳಿಸಿ ಇದೇ ಪರಿಣಾಮಕ್ಕೆ ಹತ್ತಿರ ಬರಬಹುದು.

ಮಾತು ಬಂದಾಗ ಸಂಗೀತ ತಾನಾಗಿ ತಗ್ಗುವ ಸೌಲಭ್ಯಕ್ಕೆ ಡಕಿಂಗ್ ಎನ್ನುತ್ತಾರೆ. ಒಂದು ಗುಂಡಿ ಒತ್ತಿದರೆ ತಂತ್ರಾಂಶವೇ ಮಾಡುತ್ತದೆ ಎಂದು ಇದಕ್ಕೆ ಬಿಟ್ಟುಕೊಡುವವರು ಹೆಚ್ಚು. ಕನ್ನಡ ನಿರೂಪಣೆಯಲ್ಲಿ ಇದು ಒಂದು ನಿರ್ದಿಷ್ಟ ಜಾಗದಲ್ಲಿ ಕೈಕೊಡುತ್ತದೆ. "ಈ ತೊರೆ ಬೇಸಿಗೆಯಲ್ಲೂ ಬತ್ತುವುದಿಲ್ಲ" ಎಂಬ ವಾಕ್ಯವನ್ನು ಓದಿ ನೋಡಿ. 'ಬೇಸಿಗೆಯಲ್ಲೂ' ಎನ್ನುವಾಗ ದನಿ ಏರುತ್ತದೆ, 'ಬತ್ತುವುದಿಲ್ಲ' ಎನ್ನುವಷ್ಟರಲ್ಲಿ ಉಸಿರು ಮುಗಿದು ಇಳಿಯುತ್ತದೆ. ಕೊನೆಯ '-ವುದಿಲ್ಲ' ಆರಂಭದ ಪದಗಳಿಗಿಂತ ಎಷ್ಟೋ ಡೆಸಿಬೆಲ್ ಕೆಳಗಿರುತ್ತದೆ. ಅಲೆಯ ಚಿತ್ರದಲ್ಲಿ ನೋಡಿದರೆ ಬಾಲದಂತೆ ಸಪುರವಾಗಿ ಕಾಣುತ್ತದೆ. ಡಕಿಂಗ್ ಸಾಮಾನ್ಯವಾಗಿ ನೋಡುವುದು ದನಿಯ ಮಟ್ಟವನ್ನು ಮಾತ್ರ. ದನಿ ಒಂದು ಗಡಿಗಿಂತ ಕೆಳಗಿಳಿದ ಕೂಡಲೇ ಮಾತು ಮುಗಿಯಿತೆಂದು ತಿಳಿದು ಅದು ಸಂಗೀತವನ್ನು ಮೇಲೆತ್ತಲು ಶುರುಮಾಡುತ್ತದೆ. ಮಾತು ಇಳಿಯುವ, ಸಂಗೀತ ಏರುವ ಆ ಕ್ಷಣದಲ್ಲೇ ಕ್ರಿಯಾಪದ ಇರುತ್ತದೆ. ನಮ್ಮ ಭಾಷೆಯಲ್ಲಿ ಹೌದೋ ಅಲ್ಲವೋ, ಆಯಿತೋ ಆಗಲಿದೆಯೋ, ಬೇಕೋ ಬೇಡವೋ ಎಲ್ಲ ನಿರ್ಧಾರವಾಗುವುದು ಅಲ್ಲಿಯೇ. ಕೇಳುಗರಿಗೆ ತೊರೆ, ಬೇಸಿಗೆ, ಬತ್ತುವುದು ಮೂರೂ ಸಿಕ್ಕಿ, 'ಇಲ್ಲ' ಎನ್ನುವುದು ಮಾತ್ರ ಕೊಳಲಿನ ಕೆಳಗೆ ಹೋಗುತ್ತದೆ.

ಆದ್ದರಿಂದ ಡಕಿಂಗನ್ನು ಕೈಯಿಂದ, ಸಂಗೀತದ ಟ್ರ್ಯಾಕಿನ ಮೇಲೆ ಬಿಂದುಗಳನ್ನು ಇಟ್ಟು ಮಾಡುವುದೇ ಸರಿ. ಮೊದಲ ಪದಕ್ಕಿಂತ ಮೂರ್ನಾಲ್ಕು ನೂರು ಮಿಲಿಸೆಕೆಂಡು ಮುಂಚೆಯೇ ಸಂಗೀತ ಇಳಿಯಲು ಆರಂಭವಾಗಬೇಕು, ಮೊದಲ ಅಕ್ಷರ ಬರುವಷ್ಟರಲ್ಲಿ ಪೂರ್ತಿ ಇಳಿದಿರಬೇಕು. ಕೊನೆಯ ಅಕ್ಷರ ಮುಗಿದು ಅರ್ಧ ಸೆಕೆಂಡು ಆಗುವವರೆಗೆ ಅಲ್ಲೇ ಇರಬೇಕು, ಅನಂತರ ಒಂದೂವರೆ ಸೆಕೆಂಡಿನಲ್ಲಿ ನಿಧಾನವಾಗಿ ಏರಬೇಕು. ವಾಕ್ಯಗಳ ನಡುವೆ ಎರಡು ಸೆಕೆಂಡಿಗಿಂತ ಕಡಿಮೆ ಬಿಡುವಿದ್ದರೆ ಏರಿಸಲೇಬಾರದು. ಪ್ರತಿ ಅಲ್ಪವಿರಾಮಕ್ಕೂ ಸಂಗೀತ ಉಬ್ಬಿ ತಗ್ಗಿದರೆ ಕೇಳುಗರಿಗೆ ಉಬ್ಬಸದ ಅನುಭವವಾಗುತ್ತದೆ. ಜೊತೆಗೆ ಪ್ರತಿ ವಾಕ್ಯದ ಕೊನೆಯ ಪದವನ್ನು ಎರಡು ಮೂರು ಡೆಸಿಬೆಲ್ ಎತ್ತಿ. ಇದು ಬೇಸರದ ಕೆಲಸ ಎಂಬುದು ನಿಜ. ಆದರೆ ಇಡೀ ಮಿಕ್ಸಿನಲ್ಲಿ ಖರ್ಚಾದ ಸಮಯಕ್ಕೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ. ನಿರೂಪಕರು ಎದುರಿಗೇ ಇದ್ದರೆ, ವಾಕ್ಯದ ಕೊನೆಯನ್ನು ನುಂಗದೆ ಓದಿ ಎಂದು ಮೊದಲೇ ಹೇಳುವುದು ಇನ್ನೂ ಅಗ್ಗ.

ಕೊನೆಯ ಹಂತದಲ್ಲಿ ಇನ್ನೊಂದು ಹೊಂಡವಿದೆ. ಒಟ್ಟು ಮಿಕ್ಸನ್ನು ಏರಿಸಿ −16 LUFS ಸುತ್ತ ತರುವುದು, ಶಿಖರಗಳು −1 ಡೆಸಿಬೆಲ್ ದಾಟದಂತೆ ಲಿಮಿಟರ್ ಹಾಕುವುದು ವಾಡಿಕೆ. ಸಂಗೀತದಲ್ಲಿ ದೊಡ್ಡ ಡ್ರಮ್ಮಿನ 60 ಹರ್ಟ್ಸ್ ಏಟು ಇದೆ ಎಂದುಕೊಳ್ಳಿ. ಆ ಏಟು ಲಿಮಿಟರಿಗೆ ತಾಗಿದಾಗಲೆಲ್ಲ ಅದು ಏಟನ್ನು ಮಾತ್ರವಲ್ಲ, ಜೊತೆಗಿರುವ ಮಾತನ್ನೂ ಕೆಳಕ್ಕೆ ಅಮುಕುತ್ತದೆ. ಹೆಡ್‌ಫೋನಿನಲ್ಲಿ ಏಟು ಕೇಳಿಸುವುದರಿಂದ ಅದು ಸಹಜ ಅನ್ನಿಸೀತು. ಫೋನಿನಲ್ಲಿ ಏಟು ಕೇಳಿಸುವುದಿಲ್ಲ; ಕಾರಣವೇ ಇಲ್ಲದೆ ದನಿ ಆಗಾಗ ಗುಟುಕರಿಸಿದಂತೆ ಕೇಳುತ್ತದೆ. ಮಾತು ತಾಳಬದ್ಧವಾಗಿ ನಡುಗುತ್ತಿದೆ ಎನ್ನಿಸಿದರೆ ಲಿಮಿಟರಿನ ಸೂಚಕವನ್ನು ನೋಡಿ: ಏಟಿಗೆ ಸರಿಯಾಗಿ ಅದು ಎರಡು ಡೆಸಿಬೆಲ್‌ಗಿಂತ ಹೆಚ್ಚು ಅಲುಗುತ್ತಿದ್ದರೆ ಸಂಗೀತದ ಟ್ರ್ಯಾಕಿನಲ್ಲೇ ಆ ತಗ್ಗು ಸದ್ದನ್ನು ಇಳಿಸಬೇಕು. ಫೋನು ಪೂರ್ತಿ ವಾಲ್ಯೂಮಿನಲ್ಲಿದ್ದಾಗ ತನ್ನ ಪುಟ್ಟ ಸ್ಪೀಕರನ್ನು ಕಾಪಾಡಿಕೊಳ್ಳಲು ತಾನೂ ಇಂಥದ್ದೇ ಕೆಲಸ ಮಾಡುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಶಿಖರಗಳು ಅತಿಯಾಗದಂತೆ ನೋಡಿಕೊಳ್ಳಬಹುದು, ಅಷ್ಟೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಮಿಕ್ಸ್ ಮಾಡಿದವರ ಕಿವಿ ಸಾಕ್ಷಿಯಾಗಲು ಅನರ್ಹ. ವಾಕ್ಯಗಳು ಬಾಯಿಪಾಠವಾಗಿರುವುದರಿಂದ ಉದುರಿದ ಅಕ್ಷರಗಳನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಸ್ಕ್ರಿಪ್ಟ್ ಓದದ ಒಬ್ಬರನ್ನು ಕೂರಿಸಿ. ಫೋನನ್ನು ಅರ್ಧ ವಾಲ್ಯೂಮಿಗೆ ಇಟ್ಟು, ಒಂದು ತೋಳಿನ ದೂರದಲ್ಲಿ ಮೇಜಿನ ಮೇಲಿರಿಸಿ, ಪಕ್ಕದಲ್ಲಿ ಫ್ಯಾನ್ ತಿರುಗುತ್ತಿರಲಿ. ಒಂದೊಂದೇ ವಾಕ್ಯ ನುಡಿಸಿ, ಕೇಳಿದ್ದನ್ನು ಬರೆಯಲು ಹೇಳಿ. "ಚೆನ್ನಾಗಿ ಕೇಳಿಸಿತೇ" ಎಂದು ಕೇಳಬೇಡಿ; ದಾಕ್ಷಿಣ್ಯಕ್ಕೆ ಎಲ್ಲರೂ ಹೌದು ಎನ್ನುತ್ತಾರೆ.

ಬರೆದದ್ದರಲ್ಲಿನ ತಪ್ಪುಗಳೇ ರೋಗ ಎಲ್ಲಿದೆ ಎಂದು ಹೇಳುತ್ತವೆ. ಸ, ಶ, ತ, ಕಗಳು ಅದಲುಬದಲಾಗಿದ್ದರೆ ತೊರೆಯಂಥ ಹರಡಿದ ಸದ್ದು ಇನ್ನೂ ಹೆಚ್ಚಿದೆ. ಒಂದು ಪದ ಪೂರ್ತಿ ಬಿಟ್ಟುಹೋಗಿದ್ದರೆ ಆ ಜಾಗದಲ್ಲಿ ರಾಗವೋ ಹಕ್ಕಿಯೋ ಏನು ಬಂದಿತ್ತು ಎಂದು ನೋಡಬೇಕು. ಇದೆ ಎಂಬಲ್ಲಿ ಇಲ್ಲ, ಬಂದಳು ಎಂಬಲ್ಲಿ ಬಂದರು ಆಗಿದ್ದರೆ ವಾಕ್ಯದ ತುದಿಗಳನ್ನು ಇನ್ನೊಮ್ಮೆ ಎತ್ತಬೇಕು. ಊರಿನ ಹೆಸರು, ಅಂಕಿಸಂಖ್ಯೆ ಮಾತ್ರ ತಪ್ಪಿದ್ದರೆ ಉಳಿದದ್ದೆಲ್ಲ ಸಂದರ್ಭದಿಂದ ಊಹಿಸಿ ಬರೆದದ್ದು ಎಂದರ್ಥ. ಅಂತರ ಅಂಚಿನಲ್ಲಿದೆ, ಇನ್ನೆರಡು ಡೆಸಿಬೆಲ್ ಬೇಕು. ಒಬ್ಬರೇ ಇದ್ದು ಬೇರೆ ಕೇಳುಗರು ಸಿಗದಿದ್ದರೆ ಒರಟು ಪರೀಕ್ಷೆ ಒಂದಿದೆ. ಫೋನಿನ ವಾಲ್ಯೂಮನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋಗಿ. ಮೊದಲು ಹಿನ್ನೆಲೆ ಮಾಯವಾಗಿ ಮಾತು ಇನ್ನೂ ತಿಳಿಯುತ್ತಿರಬೇಕು. ಮಾತು ಅರ್ಥವಾಗದ ಮಟ್ಟದಲ್ಲೂ ಕೊಳಲಿನ ರಾಗ ಗುರುತು ಸಿಗುತ್ತಿದ್ದರೆ ಕೆಲಸ ಮುಗಿದಿಲ್ಲ.

ಇದೆಲ್ಲವೂ ನಡೆಯುವುದು ನಿರೂಪಣೆ ಶುದ್ಧವಾಗಿ ದಾಖಲಾಗಿದ್ದರೆ ಮಾತ್ರ. ಖಾಲಿ ಕೋಣೆಯಲ್ಲಿ ಮೈಕಿನಿಂದ ದೂರ ನಿಂತು ಓದಿದ್ದರೆ ಪ್ರತಿ ಅಕ್ಷರದ ಬೆನ್ನಿಗೂ ಅದರದೇ ಪ್ರತಿಧ್ವನಿ ಅಂಟಿರುತ್ತದೆ. ಹಿಂದಿನ ಅಕ್ಷರದ ಪ್ರತಿಧ್ವನಿ ಮುಂದಿನ ವ್ಯಂಜನವನ್ನು ಮುಚ್ಚುತ್ತದೆ, ಕಂಪ್ರೆಸರ್ ಹಾಕಿದರೆ ಪ್ರತಿಧ್ವನಿಯೇ ಮೇಲೇಳುತ್ತದೆ. ಅಲ್ಲಿ ಸಂಗೀತವನ್ನು ಪೂರ್ತಿ ತೆಗೆದರೂ ಫೋನಿನಲ್ಲಿ ಮಾತು ಮಸುಕಾಗಿಯೇ ಇರುತ್ತದೆ. ಬಟ್ಟೆಗಳು ನೇತಾಡುವ ಕಪಾಟಿನ ಮುಂದೆ, ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ಇಟ್ಟು ಮತ್ತೊಮ್ಮೆ ಓದಿಸುವುದು ಬೇಗ ಮುಗಿಯುವ ದಾರಿ.